ಒಂದು ಮಾತ್ರೆ ಹೆಚ್ಚು

ಜೂನ್ ೯

ಕಡ್ಡಿ,

ಈ ಹೆಸರಿನಿಂದ ನಿನ್ನನ್ನು ಕರೆಯುವ ಹಕ್ಕು ನನಗಿನ್ನೂ ಉಳಿದಿದೆಯೋ ಇಲ್ಲವೋ ತಿಳಿಯದು. ಹದಿನೆಂಟು ವರ್ಷವಾಯಿತು. ನಿಮ್ಮ ದಂತ ತಂತ್ರಜ್ಞರ ಸಂಘದ ಸ್ಮರಣ ಸಂಚಿಕೆ ಅಚ್ಚಾಗಲು ನಮ್ಮ ಪ್ರೆಸ್ಸಿಗೆ ಬಂದಿತ್ತು. ಅದರಲ್ಲಿ ಕೃತಕ ಹಲ್ಲಿನ ಮೇಲೊಂದು ಕವಿತೆ. ಕೆಳಗೆ ನಿನ್ನ ಹೆಸರು, ವಿಳಾಸ. ಓದಿ ಒಬ್ಬಳೇ ನಕ್ಕೆ. ಹಾಸ್ಟೆಲಿನ ಮಂಚದ ಮೇಲೆ ಕಾಲು ಇಳಿಬಿಟ್ಟು ಬೆರಳು ಮಡಚಿ ಪದ್ಯದ ಮಾತ್ರೆ ಎಣಿಸುತ್ತಿದ್ದ ಹುಡುಗಿ ಕಣ್ಣಿಗೆ ಕಟ್ಟಿದಳು.

ನಾನೀಗ ಒಂದು ತ್ರೈಮಾಸಿಕ ನಡೆಸುತ್ತೇನೆ. ಪ್ರೆಸ್ಸು ಇವರದು, ಪತ್ರಿಕೆ ನನ್ನದು, ಕರಡು ತಿದ್ದುವುದು ಇವರು. ಮುಂದಿನ ಸಂಚಿಕೆಯನ್ನು ಮೊದಲ ಪ್ರೀತಿ ಮುರಿದದ್ದರ ಬಗ್ಗೆ ಬರೆದ ಕವಿತೆಗಳಿಗೇ ಮೀಸಲಿಟ್ಟಿದ್ದೇವೆ. ಒಂದು ಕಳಿಸುತ್ತೀಯಾ? ಹೇಗೆ ಬೇಕಾದರೂ ಬರೆ, ಛಂದಸ್ಸಿನಲ್ಲಾದರೂ ಸರಿ, ಬಿಡಿಯಾಗಿಯಾದರೂ ಸರಿ.

ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ? ಅತ್ತಿಗೆಯ ಮೊಣಕಾಲು ನೋವು ಹೇಗಿದೆ? ನೋಡು, ಯಾವ ಕಾಲದ್ದನ್ನೋ ಕೇಳುತ್ತಿದ್ದೇನೆ.

ನಿನ್ನ ಹಳೆಯ ರೂಮ್‌ಮೇಟ್,
ಲೀಡರ್


ಜೂನ್ ೨೭

ಲೀಡರ್ ಅವರಿಗೆ,

ಅತ್ತಿಗೆ ತೀರಿಕೊಂಡು ಆರು ವರ್ಷವಾಯಿತು. ಮೊಣಕಾಲಿನಿಂದ ಅಲ್ಲ.

ನಾನು ಚೆನ್ನಾಗಿದ್ದೇನೆ. ಕಿಟಕಿ ಪಕ್ಕದ ಮೇಜು, ಬರ್ನರ್, ಮೇಣ, ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಊರವರ ದವಡೆಗಳು. ಡಾಕ್ಟರು ಅಳತೆ ಕಳಿಸುತ್ತಾರೆ, ನಾನು ಹಲ್ಲು ಜೋಡಿಸುತ್ತೇನೆ. ಬಾಯಿಯ ಯಜಮಾನರನ್ನು ಒಮ್ಮೆಯೂ ನೋಡುವುದಿಲ್ಲ. ಈ ಕೆಲಸದಲ್ಲಿ ನನಗೆ ಹಿಡಿಸಿದ್ದೇ ಅದು. ಗಂಡ ಒಳ್ಳೆಯವನು, ಕವಿತೆ ಓದುವುದಿಲ್ಲ.

ಬರೆಯಬಾರದು ಅಂದುಕೊಂಡಿದ್ದೆ. ಹತ್ತು ದಿನ ನಿನ್ನ ಕಾಗದವನ್ನು ಮೇಣದ ಡಬ್ಬಿಯ ಕೆಳಗೆ ಇಟ್ಟಿದ್ದೆ. ಆಮೇಲೆ ಒಂದು ಮಧ್ಯಾಹ್ನ ಒಂದೇ ಉಸಿರಿಗೆ ಬಂತು. ಹೇಗೆ ಬೇಕಾದರೂ ಬರೆ ಅಂದೆಯಲ್ಲ, ಹೇಗೆ ಬಂತೋ ಹಾಗೆ ಬರೆದಿದ್ದೇನೆ.

ಬಸ್ ನಿಲ್ದಾಣದ ಮೂರನೇ ಬೆಂಚು.
ನಾಲ್ಕು ಗಂಟೆ ಅಂದಿದ್ದ.
ಮೂರೂವರೆಗೇ ಬಂದು
ಪಕ್ಕದ ಜಾಗದಲ್ಲಿ
ಕೈಚೀಲ ಇಟ್ಟೆ,
ಇಲ್ಲಿ ಒಬ್ಬರು ಬರುತ್ತಾರೆ
ಅಂತ ಹೇಳಲಿಕ್ಕೆ.

ಏಳು ಬಸ್ಸು ಹೋದವು.
ಎಂಟನೆಯದರ ಹೊಗೆಯೊಳಗಿಂದ
ಅವಳು ಬಂದಳು.
‘ಅವನು ಬರಲ್ಲ ಕಣೇ’
ಅನ್ನುತ್ತ ಕೊಡೆ ಮಡಚಿದಳು.

ಮಣಿಕಟ್ಟಿನಿಂದ ಮೊಣಕೈ ಕಡೆಗೆ
ಜಾರಿತು
ಅವನ ಗಡಿಯಾರ.

ಕೈಚೀಲ ತೆಗೆದು
ಅವಳಿಗೆ ಜಾಗ ಕೊಟ್ಟೆ.

ಇಷ್ಟೇ.

ಇಂತಿ,
ಕಡ್ಡಿ


ಜುಲೈ ೧೫

ಪ್ರೀತಿಯ ಕಡ್ಡಿ,

ಅತ್ತಿಗೆಯ ವಿಷಯ ನನಗೆ ಗೊತ್ತಿರಲಿಲ್ಲ. ಕ್ಷಮಿಸು.

ಕವಿತೆ ಬಂತು. ಶಕ್ತಿಯಿದೆ, ಇಲ್ಲ ಅನ್ನುವುದಿಲ್ಲ. ಆದರೆ ಸಂಪಾದಕಿಯಾಗಿ ಕೆಲವು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡ. ಇದು ಮುಕ್ತಛಂದವೋ ಮುರಿದ ಗದ್ಯವೋ? ಸಾಲುಗಳನ್ನು ಕೂಡಿಸಿ ಬರೆದರೆ ಒಂದು ಕಾಗದದ ತುಣುಕಿನಂತೆ ಓದಿಸಿಕೊಳ್ಳುತ್ತದೆ. ‘ಜಾರಿತು’ ಅನ್ನುವ ಒಂಟಿ ಪದಕ್ಕೆ ಇಡೀ ಸಾಲು ಏಕೆ? ಇಂಥವು ನನ್ನ ಮೇಜಿಗೆ ದಿನಕ್ಕೆ ನಾಲ್ಕು ಬರುತ್ತವೆ. ಎಲ್ಲರಿಗೂ ಎದೆ ಒಡೆದಿದೆ, ಯಾರಿಗೂ ಲಯ ಬೇಡ.

ನೋವಿಗೆ ಒಂದು ಪಾತ್ರೆ ಬೇಕು ಕಣೇ. ಇಲ್ಲದಿದ್ದರೆ ನೆಲದ ಮೇಲೆ ಚೆಲ್ಲಿದ ಹಾಗಿರುತ್ತದೆ. ನಿನಗೆ ಭಾಮಿನಿ ಷಟ್ಪದಿ ನೀರು ಕುಡಿದಷ್ಟು ಸುಲಭವಾಗಿತ್ತು. ಅದರಲ್ಲಿ ಒಂದೇ ಒಂದು ಪದ್ಯ ಬರೆದು ಕೊಡು. ಮೂರು ನಾಲ್ಕು, ಮೂರು ನಾಲ್ಕರ ಆ ನಡಿಗೆಗೆ ದುಃಖ ತಾನಾಗಿ ಹೆಜ್ಜೆ ಹಾಕುತ್ತದೆ. ಓದಿದವರ ಬಾಯಲ್ಲಿ ನಿಲ್ಲುತ್ತದೆ.

ಬರೆಯುವಾಗ ಬೆಂಚು, ಬಸ್ಸು, ಗಡಿಯಾರ ಇವೆಲ್ಲ ಬಿಟ್ಟುಬಿಡು. ಗಡಿಯಾರವಂತೂ ಐದು ಮಾತ್ರೆಯ ಪದ. ಮೂರರ ಗಣಕ್ಕೂ ಕೂರುವುದಿಲ್ಲ, ನಾಲ್ಕರ ಗಣಕ್ಕೂ ಕೂರುವುದಿಲ್ಲ.

ನಿನ್ನ,
ಲೀಡರ್


ಆಗಸ್ಟ್ ೨

ಲೀಡರ್,

ಮೊದಲ ಕಾಗದದಲ್ಲಿ ಹೇಗೆ ಬೇಕಾದರೂ ಬರೆ ಅಂದೆ. ಎರಡನೆಯದರಲ್ಲಿ ಹೀಗೇ ಬರೆ ಅನ್ನುತ್ತೀಯ. ಹಾಸ್ಟೆಲಿನಲ್ಲೂ ಹಾಗೇ ಇದ್ದೆ, ಕಿಟಕಿ ಪಕ್ಕದ ಮಂಚ ಯಾರು ಬೇಕಾದರೂ ತಗೊಳ್ಳಿ ಅಂತ ಹೇಳಿ ಅದರ ಮೇಲೇ ಕೂತಿರುತ್ತಿದ್ದೆ.

‘ಜಾರಿತು’ ಏಕೆ ಒಂಟಿಯಾಗಿದೆ ಎಂದು ಕೇಳಿದೆ. ಆ ಸಾಲಿನ ತುದಿಯಲ್ಲಿ ಓದುವವರು ಒಂದು ಕ್ಷಣ ನಿಲ್ಲುತ್ತಾರೆ. ಏನು ಜಾರಿತು? ಬಳೆಯೋ, ಮಳೆಹನಿಯೋ? ಅಷ್ಟರಲ್ಲಿ ಕಣ್ಣು ಕೆಳಗಿಳಿಯುತ್ತದೆ. ನನಗೂ ಅವತ್ತು ಅಷ್ಟೇ ಹೊತ್ತು ಹಿಡಿದದ್ದು. ಸಾಲು ಎಲ್ಲಿ ಮುರಿಯಬೇಕು ಅನ್ನುವುದಕ್ಕೆ ಮುಕ್ತಛಂದದಲ್ಲಿ ಬೇರೆ ಕಾನೂನಿಲ್ಲ, ಅದಕ್ಕೇ ಪ್ರತಿ ಸಲವೂ ಕಾರಣ ಬೇಕು. ಷಟ್ಪದಿಯಲ್ಲಿ ಹದಿನಾಲ್ಕು ಮಾತ್ರೆ ಮುಗಿದರೆ ಸಾಲು ಮುಗಿಯಿತು. ಅಲ್ಲಿ ಎದೆ ನಿಂತರೂ ಸರಿ, ಬಿಟ್ಟರೂ ಸರಿ.

ಆದರೂ ನಿನ್ನ ಮಾತು ಕೊರೆಯಿತು. ಛಂದಸ್ಸು ಬರುವುದಿಲ್ಲ ಅಂತ ತಪ್ಪಿಸಿಕೊಂಡಳು ಅಂದುಬಿಡುತ್ತೀ ಎಂಬ ಹಟಕ್ಕೆ ಕೂತೆ. ಹಲ್ಲಿನ ಅಚ್ಚು ಒಣಗುವಷ್ಟರಲ್ಲಿ ಆಯಿತು. ತಗೋ.

ಮನದ ಬಾಗಿಲ ತೆರೆದು ಕಾದೆನು
ದಿನವು ಜಾರಿತು ಇರುಳು ಕವಿಯಿತು
ಕನಸ ಹೂವಿನ ಎಸಳು ಒಂದೊಂದಾಗಿ ಬಾಡಿದವೋ
ನೆನೆದ ಹಾದಿಯು ತಾನೆ ಅಳುತಿದೆ
ಹನಿಯ ಭಾರಕೆ ರೆಪ್ಪೆ ಬಾಗಿದೆ
ಇನಿಯ ಬಾರದ ದಾರಿಯುದ್ದಕು ಮೌನ ಹಾಸಿದೆಯೋ

ಆರು ಸಾಲಿನಲ್ಲೂ ಎರಡನೇ ಅಕ್ಷರ ‘ನ’ಕಾರ. ಆದಿಪ್ರಾಸ ಎಲ್ಲೂ ತಪ್ಪಿಲ್ಲ. ಮೂರನೆಯ ಸಾಲೂ ಆರನೆಯದೂ ಉದ್ದ, ಕೊನೆಗೆ ಗುರು. ಎಣಿಸಿ ನೋಡು. ಎಲ್ಲ ಸರಿಯಿದೆ, ಒಂದೂ ನಿಜವಲ್ಲ. ಇರುಳು ಎಲ್ಲಿ ಕವಿದಿತ್ತು? ಅವತ್ತು ನಾಲ್ಕೂಮುಕ್ಕಾಲು ಗಂಟೆ. ‘ದಿನವು’ ಅಂತ ಒಮ್ಮೆ ಬರೆದ ಮೇಲೆ ಇರುಳನ್ನು ಕರೆತರದೆ ಇರುವುದಕ್ಕೆ ಆಗಲಿಲ್ಲ. ಪ್ರಾಸಕ್ಕೆ ‘ಇನಿಯ’ ಬೇಕಾಯಿತು. ಅವನನ್ನು ನಾನು ಯಾವತ್ತಾದರೂ ಇನಿಯ ಅಂದಿದ್ದೆನಾ?

ಇಂತಿ,
ಕಡ್ಡಿ


ಆಗಸ್ಟ್ ೧೩

ನನ್ನ ಕಡ್ಡಿ,

ಎಷ್ಟು ಚೆನ್ನಾಗಿದೆ! ನೀನು ಸುಮ್ಮನೆ ಬೈದುಕೊಂಡಿದ್ದೀಯ. ಕವಿತೆ ಸಾಕ್ಷಿ ಹೇಳಿಕೆಯಲ್ಲ ಕಣೇ, ಹೊತ್ತು ಗಂಟೆ ನಮೂದಿಸುವುದಕ್ಕೆ. ಇದನ್ನು ಯಾವ ಹುಡುಗಿ ಓದಿದರೂ ತನ್ನದೇ ಅಂದುಕೊಳ್ಳುತ್ತಾಳೆ. ನಿನ್ನ ಬೆಂಚಿನ ಮೇಲೆ ಒಬ್ಬಳಿಗೆ ಮಾತ್ರ ಜಾಗವಿತ್ತು, ಇಲ್ಲಿ ಎಲ್ಲರಿಗೂ ಇದೆ.

ನಾಲ್ಕನೆಯ ಪುಟಕ್ಕೆ ಹಾಕಿದ್ದೇನೆ. ಇವರು ಕರಡು ಓದಿ, ‘ಯಾರೇ ಇದನ್ನ ಬರೆದಿದ್ದು? ಕೈ ಪಳಗಿದೆ, ಒಂದು ಮಾತ್ರೆನೂ ಆಚೀಚೆ ಇಲ್ಲ’ ಅಂದರು. ಹೊಸಬಳು ಅಂದೆ. ನಿನ್ನ ಹೆಸರಿನ ಬದಲು ಒಂದು ಕಾವ್ಯನಾಮ ಹಾಕಿದರೆ ಹೇಗೆ? ನಿನಗೂ ಮುಜುಗರ ಇರುವುದಿಲ್ಲ.

ಪ್ರೀತಿಯಿಂದ,
ಲೀಡರ್


ಆಗಸ್ಟ್ ೩೦

ಲೀಡರ್,

ಎರಡು ವಾರದಿಂದ ನಿನ್ನ ಒಂದು ಸಾಲನ್ನೇ ಓದುತ್ತಿದ್ದೇನೆ. ‘ಯಾರೇ ಇದನ್ನ ಬರೆದಿದ್ದು?’

ಈಗ ನೀನು ‘ಇವರು’ ಅನ್ನುವ ಅವನೇ ನನ್ನ ಪದ್ಯ ಓದಿ ಯಾರದು ಅಂತ ಕೇಳಿದ. ಕೇಳದೆ ಇನ್ನೇನು ಮಾಡುತ್ತಾನೆ? ಅದರಲ್ಲಿ ನಾನೂ ಇಲ್ಲ, ಅವನೂ ಇಲ್ಲ, ನೀನಂತೂ ಮೊದಲೇ ಇಲ್ಲ. ಬೆಂಚು, ಬಸ್ಸು, ಗಡಿಯಾರ ಬಿಡು ಅಂದದ್ದು ಏಕೆ ಎಂದು ಆಗ ಹೊಳೆಯಿತು. ನೋವಿಗೆ ಪಾತ್ರೆ ಬೇಕು ಅಂದೆಯಲ್ಲ, ನಿನಗೆ ಬೇಕಾಗಿದ್ದದ್ದು ಮುಚ್ಚಳ. ಪಾಪ, ಭಾಮಿನಿ ಏನು ತಪ್ಪು ಮಾಡಿತ್ತು, ಅದನ್ನು ತಂದು ಮುಚ್ಚಳ ಮಾಡಿದೆ.

ಆ ಪದ್ಯ ವಾಪಸ್. ಅಚ್ಚು ಮಾಡಕೂಡದು.

ಗಡಿಯಾರ ಐದು ಮಾತ್ರೆ, ಕೂರುವುದಿಲ್ಲ ಅಂದೆ. ಪದ ಮುಗಿಯುವಲ್ಲೇ ಗಣವೂ ಮುಗಿಯಬೇಕು ಅಂತ ನಿನಗೆ ಯಾರು ಹೇಳಿಕೊಟ್ಟರು? ‘ಗಡಿಯಾ’ ನಾಲ್ಕು. ಉಳಿದ ‘ರ’ ಮುಂದಿನ ಗಣಕ್ಕೆ ಹೋಗುತ್ತದೆ, ‘ರವನು’ ಮೂರು. ಕಾಲೇಜಿನ ಛಂದಸ್ಸಿನ ಮೇಷ್ಟ್ರು ಎರಡನೇ ವಾರದಲ್ಲೇ ಇದನ್ನು ಹೇಳಿಕೊಟ್ಟಿದ್ದರು, ನೀನು ನನ್ನ ಪಕ್ಕದಲ್ಲೇ ಕೂತಿದ್ದೆ. ಇದೋ, ಕೂರಿಸಿದ್ದೇನೆ.

ದಿವಸ ಕಳೆಯಿತು ಬೆಂಚಿನಂಚಲಿ
ಸವೆದ ಚಪ್ಪಲಿ ನೋಡಿ ಕುಳಿತೆನು
ಕವಿದ ಮೋಡದ ಕೆಳಗೆ ಗೆಳತಿಯ ಕೊಡೆಯು ಕಂಡಿತಲಾ
ಅವನು ಬಾರನು ಎಂಬ ಮಾತನು
ಕಿವಿಗೆ ಸುರಿಯುವ ಮುನ್ನ ಕೈಯಲಿ
ಅವನ ಗಡಿಯಾರವನು ಕಟ್ಟಿದೆ ನನಗೆ ತೋರಲಿಕೇ

ಕೊನೆಯ ಸಾಲನ್ನು ಬಾಯಿಬಿಟ್ಟು ಓದು. ಮುಕ್ತಛಂದದಲ್ಲಿ ‘ಅವಳು ಬಂದಳು’ ಅಂತ ಬರೆದಿದ್ದೆ. ಎಲ್ಲಿ ಬೇಕೋ ಅಲ್ಲಿ ಸಾಲು ಮುರಿದು, ನಿನ್ನನ್ನು ಬೇರೆ ಯಾರೋ ಮಾಡಿ ಪಾರಾಗಿದ್ದೆ. ಇಲ್ಲಿ ‘ಕಟ್ಟಿದಳು’ ಅಂತ ಹಾಕಿದರೆ ಐದು ಮಾತ್ರೆ, ಜಾಗ ಇರುವುದು ನಾಲ್ಕಕ್ಕೆ. ‘ಕಟ್ಟಿದೆ’ ಅಂದರೆ ಸರಿಯಾಗಿ ನಾಲ್ಕು. ನೀನು ಕಟ್ಟಿದೆ. ಛಂದಸ್ಸೇ ನನ್ನ ಬಾಯಲ್ಲಿ ಅದನ್ನು ಹೇಳಿಸಿತು.

ಇನ್ನೊಂದು ಮಾತು. ಇದನ್ನು ಬರೆಯುವಾಗ ಅವನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಬಂದದ್ದು ನಿನ್ನ ಮಣಿಕಟ್ಟು. ನಾಲ್ಕು ವರ್ಷ ಒಂದೇ ಬಕೆಟ್ಟಿನಲ್ಲಿ ಬಟ್ಟೆ ನೆನೆಸಿದವಳ ಮಣಿಕಟ್ಟು. ಮೊದಲ ಸಲ ನನ್ನ ಎದೆ ಒಡೆದದ್ದು ಯಾರಿಂದ ಅಂತ ಹದಿನೆಂಟು ವರ್ಷ ತಪ್ಪು ಲೆಕ್ಕ ಹಾಕಿದ್ದೆ.

ಹಾಕುವುದಾದರೆ ಇದನ್ನು ಹಾಕು, ನನ್ನ ಹೆಸರಿನಲ್ಲೇ. ಇಲ್ಲವಾದರೆ ಏನೂ ಬೇಡ.

ಕಡ್ಡಿ


ಅಕ್ಟೋಬರ್ ೪

ಕಡ್ಡಿ,

ಈ ಕಾಗದವನ್ನು ಎಷ್ಟು ಸಲ ಶುರು ಮಾಡಿ ಹರಿದೆನೋ ಲೆಕ್ಕವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಇದಕ್ಕೆ ಯಾವ ಛಂದಸ್ಸೂ ಇಲ್ಲ.

ಅವರು ನಿನ್ನನ್ನು ಬಿಟ್ಟಿರಲಿಲ್ಲ. ಅವತ್ತು ಬೆಳಿಗ್ಗೆ ಪಟ್ಟಿ ಕಿತ್ತುಹೋದ ಗಡಿಯಾರ ನನ್ನ ಕೈಗೆ ಕೊಟ್ಟು, ‘ನಿಮ್ಮ ಹಾಸ್ಟೆಲ್ ಎದುರಿನ ಅಂಗಡೀಲಿ ಸರಿ ಮಾಡಿಸಿಡು. ಅವಳಿಗೆ ಹೇಳು, ನಾಲ್ಕಕ್ಕೆ ಆಗಲ್ಲ, ಐದೂವರೆಗೆ ಬರ್ತೀನಿ ಅಂತ’ ಅಂದರು. ನಾನು ಹೊಸ ಪಟ್ಟಿ ಹಾಕಿಸಿದೆ. ಅಂಗಡಿಯವನು ನನ್ನ ಕೈಗೆ ಕಟ್ಟಿ ನೋಡಿ ಸಡಿಲ ಅಂದ. ಬಿಚ್ಚಿ ಪರ್ಸಿಗೆ ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಅದನ್ನೇ ನೋಡುತ್ತ ಬಂದೆ. ನಿನ್ನ ಪಕ್ಕದ ಕೈಚೀಲ ಕಾಣುತ್ತಲೇ ಬಾಯಲ್ಲಿ ಬಂದದ್ದು ‘ಅವನು ಬರಲ್ಲ ಕಣೇ’. ನೀನು ನೋಡಲಿ ಅಂತಲೇ ಕೊಡೆ ಮಡಚಿದೆ.

ನೀನು ಮುಂದಿನ ಬಸ್ಸಿಗೇ ಊರಿಗೆ ಹೋದೆ, ಪರೀಕ್ಷೆಗೂ ಬರಲಿಲ್ಲ. ಅವರು ಐದೂವರೆಗೆ ಬಂದರು. ‘ಅವಳು ಹೋದಳು, ನಿಮ್ಮ ಸಹವಾಸ ಬೇಡವಂತೆ’ ಅಂದೆ. ನಿನ್ನ ಕಾಗದ ಬರುತ್ತದೆಂದು ಒಂದು ವರ್ಷ ಕಾದರು. ಆಮೇಲೆ ನನ್ನ ಜೊತೆ ಮಾತಾಡಲು ಶುರು ಮಾಡಿದರು.

ನಿನ್ನ ಷಟ್ಪದಿ ಬಂದ ಮೇಲೆ ಮೂರು ವಾರ ಅದನ್ನು ಡ್ರಾಯರಿನಲ್ಲಿಟ್ಟೆ. ಹಾಕದೆ ಇರುವುದಕ್ಕೂ ಮನಸ್ಸು ಒಪ್ಪಲಿಲ್ಲ, ಹಾಕುವುದಕ್ಕೂ ಧೈರ್ಯ ಬರಲಿಲ್ಲ. ಕಡೆಗೆ ಟೈಪು ಮಾಡುವಾಗ ಒಂದೇ ಒಂದು ಪದ ಬದಲಿಸಿದೆ. ‘ಕಟ್ಟಿದೆ’ ಇದ್ದದ್ದನ್ನು ‘ಕಟ್ಟಿದಳು’ ಮಾಡಿದೆ. ಯಾವಳೋ, ಯಾರ ಗಡಿಯಾರವೋ, ಅಂತ ಆಗುತ್ತದೆ ಅಂದುಕೊಂಡೆ. ಹೆಸರು ಹಾಕುವ ಜಾಗ ಖಾಲಿ ಬಿಟ್ಟಿದ್ದೆ.

ಇವರು ಕರಡು ಓದುವುದು ಹೇಗೆಂದು ನಿನಗೆ ಗೊತ್ತಿಲ್ಲ. ಎಡಗೈ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಓಡುತ್ತಿರುತ್ತದೆ, ತುಟಿ ಅಲ್ಲಾಡುವುದಿಲ್ಲ. ಕೊನೆಯ ಸಾಲಿನಲ್ಲಿ ಹೆಬ್ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂದು ಅಲ್ಲೇ ನಿಂತಿತು.

‘ಇಲ್ಲಿ ಒಂದು ಮಾತ್ರೆ ಹೆಚ್ಚಿದೆ.’

‘ಹೊಸಬರು, ಇರ್ಲಿ ಬಿಡಿ’ ಅಂದೆ.

‘ಉಳಿದ ಐದು ಸಾಲಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಇಷ್ಟು ಬಲ್ಲವರು ಇಲ್ಲಿ ಎಡವಲ್ಲ. ಇದು ಟೈಪು ಮಾಡಿದವರ ತಪ್ಪು. ಮೂಲ ಕೊಡು.’

‘ಎಲ್ಲೋ ಇಟ್ಟಿದೀನಿ.’

‘ಹುಡುಕು, ಕಾಯ್ತೀನಿ.’

ಮಿಷನ್ನು ನಿಲ್ಲಿಸಿ ನಿಜವಾಗಿಯೂ ಕಾದರು. ನಾನು ಡ್ರಾಯರು ತೆಗೆದೆ. ನಿನ್ನ ಅಕ್ಷರ ಬದಲಾಗಿಲ್ಲ ಕಡ್ಡಿ, ‘ಳ’ ಬರೆಯುವಾಗ ಬಾಲವನ್ನು ಈಗಲೂ ಹಾಗೇ ಎಳೆಯುತ್ತೀಯ. ಇವರು ಕಾಗದ ಕೈಗೆ ತೆಗೆದುಕೊಂಡು ಪದ್ಯ ಓದಿದರು. ಪದ್ಯದ ಕೆಳಗೆ ನೀನು ನನಗೆ ಬರೆದದ್ದನ್ನೂ ಓದಿದರು.

‘ಅವಳು ಕಾಯ್ತಾ ಇದ್ಳಾ?’ ಅಂದರು. ಅಷ್ಟೇ ಕೇಳಿದ್ದು.

‘ಹೂಂ’ ಅಂದೆ.

ಕೆಂಪು ಪೆನ್ನು ತೆಗೆದು ‘ಕಟ್ಟಿದಳು’ ಹೊಡೆದುಹಾಕಿ ಪಕ್ಕದಲ್ಲಿ ‘ಕಟ್ಟಿದೆ’ ಅಂತ ಬರೆದರು. ಕೆಳಗೆ ನಿನ್ನ ಹೆಸರು ಬರೆದರು. ಅಚ್ಚಿಗೆ ಹೋಗಬಹುದು ಅಂತ ಸಹಿ ಹಾಕಿದರು. ಅಂದಿನಿಂದ ಪ್ರೆಸ್ಸಿನ ಮೇಲಿನ ಕೋಣೆಯಲ್ಲಿದ್ದಾರೆ. ಊಟದ ಡಬ್ಬಿ ಕಳಿಸುತ್ತೇನೆ, ತೊಳೆದು ವಾಪಸ್ ಕಳಿಸುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು.

ಸಂಚಿಕೆ ಜೊತೆಗಿದೆ. ನಾಲ್ಕನೆಯ ಪುಟ.

ನಾನೇ ನಿನಗೆ ಷಟ್ಪದಿ ಬರೆ ಅಂದವಳು.

ಲೀಡರ್


ಅಕ್ಟೋಬರ್ ೧೯

ಲೀಡರ್,

ಸಂಚಿಕೆ ತಲುಪಿತು. ಅಚ್ಚು ಚೊಕ್ಕವಾಗಿದೆ.

ನನಗೆ ಸಮಾಧಾನವಾಗಿರಬಹುದು ಅಂದುಕೊಂಡಿದ್ದರೆ, ಇಲ್ಲ. ಇಷ್ಟು ದಿನ ನನ್ನ ಹತ್ತಿರ ಒಂದು ದುಃಖ ಇತ್ತು. ಕಾದೆ, ಅವನು ಬರಲಿಲ್ಲ. ಅದರ ಮೇಲೆ ಮನೆ ಕಟ್ಟಿಕೊಂಡಿದ್ದೆ, ಮದುವೆಯಾದೆ, ಹಲ್ಲು ಜೋಡಿಸುವುದು ಕಲಿತೆ. ಈಗ ಅದೂ ಸುಳ್ಳಾಯಿತು. ಅವನು ಬಂದಿದ್ದ. ನಾನು ಇನ್ನು ಮುಕ್ಕಾಲು ಗಂಟೆ ತಡೆದಿದ್ದರೆ ಸಾಕಿತ್ತು. ನಾಲ್ಕನೆಯ ಸಾಲಿನಲ್ಲಿ ‘ಅವನು ಬಾರನು’ ಅಂತ ಬರೆದು ಅಚ್ಚು ಮಾಡಿಸಿಕೊಂಡಿದ್ದೇನೆ, ಮಾತ್ರೆ ಎಲ್ಲ ಸರಿಯಾಗಿದೆ.

ಮುಕ್ತಛಂದದ ಕವಿತೆಯನ್ನು ಇವತ್ತು ಬರ್ನರಿಗೆ ಹಿಡಿದೆ. ಅದರ ಕೊನೆಯಲ್ಲಿ ನಾನು ಕೈಚೀಲ ತೆಗೆದು ಜಾಗ ಕೊಟ್ಟೆ ಅಂತ ಬೀಗಿದ್ದೆ. ಯಾರಿಗೆ ಕೊಟ್ಟೆ ಅಂತ ಈಗ ಗೊತ್ತಾಯಿತಲ್ಲ. ಆ ಕವಿತೆಯನ್ನೇ ನೀನು ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತು ಅಂತಲೂ ಯೋಚಿಸಿದೆ. ಗಡಿಯಾರದ ಮೂರು ಸಾಲನ್ನು ನೀನು ಎತ್ತಿ ಹಾಕಬಹುದಿತ್ತು. ಅಲ್ಲಿ ಎಣಿಸುವುದಕ್ಕೇನಿದೆ? ಅವನ ಹೆಬ್ಬೆರಳು ಎಲ್ಲೂ ನಿಲ್ಲುತ್ತಿರಲಿಲ್ಲ. ನಿನ್ನ ಮನೆ ಉಳಿಯುತ್ತಿತ್ತು.

ನನ್ನ ಗಂಡ ಸಂಚಿಕೆ ತಿರುವಿ, ‘ನಿನ್ನ ಹೆಸರು ಬಂದಿದ್ಯಲ್ಲ’ ಅಂತ ಖುಷಿಪಟ್ಟ. ಪದ್ಯ ಓದಲಿಲ್ಲ. ಅವನಿಗೇಕೆ ಇದೆಲ್ಲ.

ಒಂದೇ ಒಂದು ವಿಷಯ ಉಳಿದಿದೆ. ‘ಕಟ್ಟಿದಳು’ ಬದಲು ‘ತೊಟ್ಟಳು’ ಅಂತ ಹಾಕಬಹುದಿತ್ತು. ಎರಡು, ಒಂದು, ಒಂದು. ನಾಲ್ಕೇ ಮಾತ್ರೆ. ಸಾಲು ಕೂರುತ್ತಿತ್ತು, ನೀನು ಯಾವಳೋ ಆಗುತ್ತಿದ್ದೆ, ಅವನು ಮೂಲ ಕೇಳುತ್ತಲೇ ಇರಲಿಲ್ಲ. ಇಷ್ಟು ವರ್ಷ ಇನ್ನೊಬ್ಬರ ಪದ ತಿದ್ದಿದವಳಿಗೆ ಅದು ಹೊಳೆಯಲಿಲ್ಲವೇ? ಅಥವಾ ಹೊಳೆದೂ, ಒಂದು ಮಾತ್ರೆ ಹೆಚ್ಚಿರಲಿ, ಇವರ ಬೆರಳಿಗೆ ಸಿಗಲಿ ಅಂತ ಬಿಟ್ಟೆಯೋ? ಹೇಳಬೇಡ. ಈ ವಿಳಾಸಕ್ಕೆ ಇನ್ನು ಬರೆಯಬೇಡ.

ಛಂದಸ್ಸೇ ನನ್ನ ಬಾಯಲ್ಲಿ ‘ಕಟ್ಟಿದೆ’ ಅನ್ನಿಸಿತು ಅಂತ ಬರೆದಿದ್ದೆನಲ್ಲ, ಅದು ಸುಳ್ಳು. ನನಗೆ ಮೊದಲು ಹೊಳೆದದ್ದೇ ‘ತೊಟ್ಟಳು’. ಬರೆದು, ನೋಡಿ, ಹೊಡೆದುಹಾಕಿದೆ.

ಕಡ್ಡಿ